ಜೋತ ರೆಪ್ಪೆ ಎತ್ತಿ ಮೊದಲು ಪಾಪೆ ನೋಡಿ

ಕಣ್ಣಿನ ಒಪಿಡಿಗಳಲ್ಲಿ ಒಂದು ರೂಢಿ ಇದೆ. ಸಾಲಿನಲ್ಲಿ ಕೂತವರಿಗೆಲ್ಲ ಮೊದಲೇ ಪಾಪೆ ಅಗಲವಾಗುವ ಹನಿ ಹಾಕಿಬಿಡುತ್ತಾರೆ. ಡಾಕ್ಟರ ಮುಂದೆ ಬರುವ ಹೊತ್ತಿಗೆ ಕಣ್ಣಿನ ಹಿಂಭಾಗ ನೋಡಲು ಸಿದ್ಧವಾಗಿರಲಿ ಎಂದು. ಪೊರೆ ಬಂದವರಿಗೆ, ಶುಗರ್‌ಗಾಗಿ ಅಕ್ಷಿಪಟಲ ತೋರಿಸಲು ಬಂದವರಿಗೆ ಇದು ಸರಿಯೇ. ಆದರೆ ಚಿಕ್ಕಬಳ್ಳಾಪುರದಲ್ಲಿ ನಾನು ಕೂರುವ ಒಪಿಡಿಯಲ್ಲಿ ಒಂದು ಕಟ್ಟುನಿಟ್ಟು ಇಟ್ಟಿದ್ದೇನೆ. ಒಂದು ಕಡೆಯ ರೆಪ್ಪೆ ಜೋತಿದೆ, ಎರಡೆರಡು ಕಾಣುತ್ತದೆ, ಪಾಪೆ ಒಂದು ದೊಡ್ಡದು ಒಂದು ಚಿಕ್ಕದು ಎಂದು ಬಂದವರಿಗೆ ನಾನು ನೋಡುವ ತನಕ ಯಾರೂ ಹನಿ ಮುಟ್ಟಿಸುವಂತಿಲ್ಲ. ಹನಿ ಬಿದ್ದರೆ ಮುಂದಿನ ನಾಲ್ಕೈದು ಗಂಟೆ ಆ ಪಾಪೆಯಿಂದ ಏನೂ ತಿಳಿಯುವುದಿಲ್ಲ. ಇಂಥವರಲ್ಲಿ ಯಾವ ನರ, ಎಲ್ಲಿ, ಎಷ್ಟು ಅವಸರ ಎಂಬುದಕ್ಕೆಲ್ಲ ನನಗೆ ಸಿಗುವ ಮೊದಲ ಸಾಕ್ಷಿಯೇ ಅದು.

ಒಬ್ಬರ ವಿಷಯ ಹೇಳುತ್ತೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಶಿಡ್ಲಘಟ್ಟದ ಕಡೆಯವರು, ರೇಷ್ಮೆ ನೂಲು ಬಿಚ್ಚುವ ಕೆಲಸ, ವಯಸ್ಸು ಐವತ್ತು ದಾಟಿತ್ತು. ಎಡಗಣ್ಣಿನ ಮೇಲೆ, ಹುಬ್ಬಿನ ಹಿಂದೆ ನಾಲ್ಕು ದಿನದಿಂದ ನೋವು. ಹಿಂದಿನ ದಿನ ಬೆಳಿಗ್ಗೆ ಎದ್ದಾಗ ಎಡ ರೆಪ್ಪೆ ಪೂರ್ತಿ ಬಿದ್ದಿತ್ತು. ಜೊತೆಗೆ ಬಂದಿದ್ದ ಮಗ ಚೀಟಿ ಮುಂದಿಟ್ಟ.

“ಶುಗರ್ ಇನ್ನೂರ ಐವತ್ತಿದೆ ಮೇಡಂ. ಶುಗರ್‌ಗೆ ನರ ವೀಕ್ ಆಗಿದೆ, ಮೂರು ತಿಂಗಳಲ್ಲಿ ತಾನಾಗೇ ಸರಿಹೋಗುತ್ತೆ ಅಂದ್ರು. ಒಂದ್ಸಲ ಕಣ್ಣಿನ ಡಾಕ್ಟ್ರಿಗೂ ತೋರಿಸೋಣ ಅಂತ ಬಂದ್ವಿ.”

ಅಮ್ಮನನ್ನು ಕೇಳಿದೆ, ಎರಡೆರಡು ಕಾಣುತ್ತಾ ಅಂತ. “ಇಲ್ಲಮ್ಮ, ಕಣ್ಣೇ ಮುಚ್ಕೊಂಡೈತಲ್ಲ” ಎಂದರು. ಹೆಬ್ಬೆರಳಿನಿಂದ ರೆಪ್ಪೆ ಎತ್ತಿ ಹಿಡಿದೆ. “ಅಯ್ಯೋ, ನೀವು ಇಬ್ಬರು ಕಾಣ್ತೀರಿ” ಎಂದು ತಲೆ ಹಿಂದಕ್ಕೆ ಎಳೆದುಕೊಂಡರು. ಬಿದ್ದ ರೆಪ್ಪೆ ಎರಡೆರಡು ಕಾಣುವುದನ್ನೂ ಮುಚ್ಚಿಡುತ್ತದೆ, ಪಾಪೆಯನ್ನೂ ಮುಚ್ಚಿಡುತ್ತದೆ. ಹಾಗಾಗಿ ರೆಪ್ಪೆಯನ್ನು ಎತ್ತದೆ ಬರೆದ “ಪಾಪೆ ಸರಿ ಇದೆ” ಎಂಬ ಮಾತನ್ನು ನಾನು ನಂಬುವುದಿಲ್ಲ.

ಪಾಪೆ ನೋಡುವುದಕ್ಕೂ ಒಂದು ಕ್ರಮ ಇದೆ. ನಮ್ಮ ಜನರ ಕಣ್ಣಾಲಿ ಕಡುಕಂದು, ಪಾಪೆ ಕಪ್ಪು. ಸ್ವಲ್ಪ ಮಬ್ಬು ಇದ್ದರೂ ಎರಡರ ಅಂಚು ಗೊತ್ತಾಗುವುದಿಲ್ಲ. ಅದಕ್ಕೆ ಟಾರ್ಚನ್ನು ಗಲ್ಲದ ಕೆಳಗಿನಿಂದ ಓರೆಯಾಗಿ, ಅಂಚು ಕಾಣುವಷ್ಟೇ ಬೆಳಕು ಬೀಳುವಂತೆ ಹಿಡಿಯಬೇಕು. ರೋಗಿ ಎದುರಿನ ಗೋಡೆ ನೋಡುತ್ತಿರಬೇಕು, ನನ್ನ ಮುಖವನ್ನಲ್ಲ. ಹತ್ತಿರದ್ದನ್ನು ನೋಡಿದರೆ ಪಾಪೆ ತಾನಾಗಿ ಕುಗ್ಗಿ ಲೆಕ್ಕ ತಪ್ಪುತ್ತದೆ. ಮೊದಲು ದೀಪ ಹಾಕಿ ಅಳೆಯುವುದು, ಆಮೇಲೆ ಆರಿಸಿ ಅಳೆಯುವುದು. ಎರಡನ್ನೂ ಮಿಲಿಮೀಟರಿನಲ್ಲಿ, ಗಂಟೆ ಹಾಕಿ ಬರೆದುಕೊಳ್ಳುವುದು.

ಈ ಅಮ್ಮನಿಗೆ ಬೆಳಕಿನಲ್ಲಿ ಬಲ ಪಾಪೆ 3 ಮಿ.ಮೀ., ಎಡ ಪಾಪೆ 5.5 ಮಿ.ಮೀ. ದೀಪ ಆರಿಸಿದಾಗ ಬಲ 5, ಎಡ 6. ಅಂದರೆ ಬೆಳಕಿನಲ್ಲಿ ಎರಡೂವರೆ ಮಿ.ಮೀ. ಇದ್ದ ವ್ಯತ್ಯಾಸ ಕತ್ತಲಲ್ಲಿ ಒಂದಕ್ಕೆ ಇಳಿಯಿತು. ಬೆಳಕಿನಲ್ಲಿ ವ್ಯತ್ಯಾಸ ಹೆಚ್ಚಾದರೆ ಕೆಟ್ಟಿರುವುದು ದೊಡ್ಡ ಪಾಪೆ, ಅದಕ್ಕೆ ಕುಗ್ಗಲು ಆಗುತ್ತಿಲ್ಲ. ಕತ್ತಲಲ್ಲಿ ಹೆಚ್ಚಾದರೆ ಕೆಟ್ಟಿರುವುದು ಚಿಕ್ಕ ಪಾಪೆ, ಅದಕ್ಕೆ ಅರಳಲು ಆಗುತ್ತಿಲ್ಲ. ಎರಡರಲ್ಲೂ ಒಂದೇ ಸಮ, ಒಂದು ಮಿ.ಮೀ.ಗಿಂತ ಕಡಿಮೆ, ಬೇರೆ ಯಾವ ತೊಂದರೆಯೂ ಇಲ್ಲ ಎಂದರೆ ಬಹುಮಟ್ಟಿಗೆ ಅದು ಹುಟ್ಟುಗುಣ. ಐದರಲ್ಲಿ ಒಬ್ಬರಿಗೆ ಅಂಥ ಸಣ್ಣ ವ್ಯತ್ಯಾಸ ಇರುತ್ತದೆ. ಸಂಶಯ ಬಂದರೆ ನಾನು ಹಳೆಯ ಫೋಟೋ ಕೇಳುತ್ತೇನೆ. ಮದುವೆ ಆಲ್ಬಮ್ಮಿನ ಮುಖ ದೊಡ್ಡದು ಮಾಡಿ ನೋಡಿದರೆ ಎಷ್ಟೋ ಸಲ ಅಲ್ಲೇ ಉತ್ತರ ಸಿಗುತ್ತದೆ.

ಇನ್ನು ಬೆಳಕಿನ ಪರೀಕ್ಷೆ. ಟಾರ್ಚನ್ನು ಎಡಗಣ್ಣಿಗೆ ಬಿಟ್ಟೆ. ಎಡ ಪಾಪೆ ಅಲುಗಿತೋ ಇಲ್ಲವೋ ಎನ್ನುವಂತಿತ್ತು, ಬಲ ಪಾಪೆ ಮಾತ್ರ ಚಕ್ಕನೆ ಕುಗ್ಗಿತು. ಬಲಗಣ್ಣಿಗೆ ಬಿಟ್ಟೆ. ಬಲ ಪಾಪೆ ಕುಗ್ಗಿತು, ಎಡದ್ದು ಇದ್ದಲ್ಲೇ ಇತ್ತು. ಬೆಳಕಿನ ಸುದ್ದಿ ಹೋಗುವ ದಾರಿ ಒಂದು, ಬರುವ ದಾರಿ ಇನ್ನೊಂದು. ಹೋಗುವುದು ದೃಷ್ಟಿನರದಲ್ಲಿ, ಅಂದರೆ ಎರಡನೇ ಕಪಾಲ ನರದಲ್ಲಿ. ಯಾವ ಕಣ್ಣಿಗೆ ಬೆಳಕು ಬಿದ್ದರೂ ಆ ಸುದ್ದಿ ಮಧ್ಯಮೆದುಳಿನಲ್ಲಿ ಎರಡೂ ಕಡೆಗೆ ಹಂಚಿಕೆಯಾಗುತ್ತದೆ. ಅಲ್ಲಿಂದ ಎರಡೂ ಕಣ್ಣಿಗೆ ಅಪ್ಪಣೆ ಹೊರಡುತ್ತದೆ. ಬಲಗಣ್ಣಿನ ಅಪ್ಪಣೆ ಬಲಗಡೆಯ ಮೂರನೇ ನರದಲ್ಲಿ, ಎಡಗಣ್ಣಿನದು ಎಡಗಡೆಯ ಮೂರನೇ ನರದಲ್ಲಿ. ಆದ್ದರಿಂದ ಎಡಗಣ್ಣಿನ ಬೆಳಕಿಗೆ ಬಲ ಪಾಪೆ ಕುಗ್ಗಿದ್ದರಿಂದ ಎಡಗಡೆಯ ಹೋಗುವ ದಾರಿ ನೆಟ್ಟಗಿದೆ ಎಂದಾಯಿತು. ಎರಡು ಕಡೆಯ ಬೆಳಕಿಗೂ ಎಡ ಪಾಪೆ ಕುಗ್ಗದ್ದರಿಂದ ಅದಕ್ಕೆ ಬರುವ ದಾರಿಯಲ್ಲೇ ತಡೆ ಇದೆ ಎಂದಾಯಿತು.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಹರಡಿದೆ, ದೃಷ್ಟಿ ಹೋದ ಕಣ್ಣಿನ ಪಾಪೆ ದೊಡ್ಡದಾಗುತ್ತದೆ ಎಂದು. ದೃಷ್ಟಿನರವೊಂದೇ ಕೆಟ್ಟರೆ ಹಾಗಾಗುವುದಿಲ್ಲ. ಒಳ್ಳೆಯ ಕಣ್ಣಿಗೆ ಬಿದ್ದ ಬೆಳಕು ಎರಡೂ ಪಾಪೆಗೆ ಅಪ್ಪಣೆ ಕೊಡುತ್ತಿರುವುದರಿಂದ ಅಳತೆ ಸಮವಾಗಿಯೇ ಇರುತ್ತದೆ. ಟಾರ್ಚನ್ನು ಒಂದು ಕಣ್ಣಿನಿಂದ ಇನ್ನೊಂದಕ್ಕೆ ಬದಲಿಸುತ್ತಾ ಹೋದಾಗ ಮಾತ್ರ, ಕೆಟ್ಟ ಕಣ್ಣಿಗೆ ಬೆಳಕು ಬಂದ ಹೊತ್ತಿಗೆ ಎರಡೂ ಪಾಪೆ ಅರಳುವುದು ಕಾಣುತ್ತದೆ. ಪಾಪೆಗಳು ಅಸಮ ಎಂದರೆ ಹುಡುಕಬೇಕಾದ್ದು ಬರುವ ದಾರಿಯಲ್ಲಿ, ಅಥವಾ ಕಣ್ಣಾಲಿಯಲ್ಲೇ.

ಮೂರನೇ ನರ ಪಾಪೆಯ ಕೆಲಸ ಒಂದನ್ನೇ ಮಾಡುವುದಿಲ್ಲ. ರೆಪ್ಪೆ ಎತ್ತುವುದು, ಕಣ್ಣನ್ನು ಮೂಗಿನ ಕಡೆಗೆ, ಮೇಲಕ್ಕೆ, ಕೆಳಕ್ಕೆ ತಿರುಗಿಸುವುದು ಅದರದೇ ಕೆಲಸ. ಕಿವಿಯ ಕಡೆಗೆ ಎಳೆಯುವುದು ಆರನೇ ನರದ ಕೆಲಸ. ಈ ಅಮ್ಮನ ಎಡಗಣ್ಣು ಕಿವಿಯ ಕಡೆಗೆ ಸಲೀಸಾಗಿ ಹೋಗುತ್ತಿತ್ತು, ಮೂಗಿನ ಕಡೆಗೆ ನಡುವನ್ನೂ ದಾಟುತ್ತಿರಲಿಲ್ಲ, ಮೇಲಕ್ಕೆ ಏಳುತ್ತಲೇ ಇರಲಿಲ್ಲ. ಸುಮ್ಮನಿದ್ದಾಗ ಹೊರಕ್ಕೂ ಸ್ವಲ್ಪ ಕೆಳಕ್ಕೂ ವಾಲಿ ನಿಂತಿತ್ತು. ಅಲ್ಲಿಗೆ ನರ ಯಾವುದು ಎಂಬುದು ಇತ್ಯರ್ಥವಾಯಿತು. ಕಾರಣ ಶುಗರ್ ಹೌದೋ ಅಲ್ಲವೋ ಎಂಬುದು ಉಳಿಯಿತು.

ಶುಗರ್‌ನಿಂದ ಮೂರನೇ ನರ ಬಿದ್ದುಹೋಗುವುದು ನಿಜ, ಅದು ಅಪರೂಪವೂ ಅಲ್ಲ. ಆದರೆ ಶುಗರ್ ಕೆಡಿಸುವುದು ನರದ ಒಳಭಾಗಕ್ಕೆ ರಕ್ತ ಕೊಡುವ ಸಣ್ಣ ನಾಳಗಳನ್ನು. ರೆಪ್ಪೆ ಮತ್ತು ಕಣ್ಣಿನ ಚಲನೆಯ ಎಳೆಗಳು ಇರುವುದು ಒಳಗೆ. ಪಾಪೆ ಕುಗ್ಗಿಸುವ ಎಳೆಗಳು ನರದ ಮೇಲುಮೈಯಲ್ಲೇ ಹರಿಯುತ್ತವೆ, ಅವಕ್ಕೆ ರಕ್ತ ಹೊರಗಿನಿಂದಲೂ ಸಿಗುತ್ತದೆ. ಅದಕ್ಕೇ ಶುಗರ್‌ನ ಹೊಡೆತದಲ್ಲಿ ಸಾಮಾನ್ಯವಾಗಿ ರೆಪ್ಪೆ ಬೀಳುತ್ತದೆ, ಕಣ್ಣು ವಾಲುತ್ತದೆ, ಪಾಪೆ ಉಳಿದುಕೊಳ್ಳುತ್ತದೆ. ಹೊರಗಿನಿಂದ ಏನಾದರೂ ನರವನ್ನು ಒತ್ತುತ್ತಿದ್ದರೆ ಮೊದಲು ಪೆಟ್ಟು ತಿನ್ನುವುದು ಆ ಮೇಲುಮೈ ಎಳೆಗಳೇ. ಮೂರನೇ ನರ ಮಧ್ಯಮೆದುಳಿನಿಂದ ಮುಂದೆ ಬರುವಾಗ ಪೋಸ್ಟೀರಿಯರ್ ಕಮ್ಯುನಿಕೇಟಿಂಗ್ ಅಪಧಮನಿಯ ಪಕ್ಕದಲ್ಲೇ ಹಾದುಹೋಗುತ್ತದೆ. ಆ ಅಪಧಮನಿ ದೊಡ್ಡ ಕ್ಯಾರೋಟಿಡ್ ನಾಳಕ್ಕೆ ಸೇರುವ ಜಾಗದಲ್ಲಿ ನಾಳದ ಗೋಡೆ ಸಡಿಲಾಗಿ ಉಬ್ಬಿಕೊಂಡರೆ ಅದಕ್ಕೆ ಅನ್ಯೂರಿಸಂ ಎನ್ನುತ್ತಾರೆ. ಅದು ಒತ್ತುವುದು ಈ ನರವನ್ನೇ. ಒಡೆದರೆ ಮೆದುಳಿನ ಸುತ್ತ ರಕ್ತಸ್ರಾವ, ಜೀವಕ್ಕೇ ಅಪಾಯ.

ನೋವಿದೆಯೋ ಇಲ್ಲವೋ ಎಂಬುದರಿಂದ ಇವೆರಡನ್ನು ಬೇರೆ ಮಾಡಲು ಆಗುವುದಿಲ್ಲ. ಶುಗರ್‌ನಿಂದ ಆದಾಗಲೂ ಹುಬ್ಬಿನ ಹಿಂದೆ ಚೆನ್ನಾಗಿಯೇ ನೋಯುತ್ತದೆ. ರಕ್ತದಲ್ಲಿ ಶುಗರ್ ಎಷ್ಟಿದೆ ಎಂಬುದರಿಂದಲೂ ಆಗುವುದಿಲ್ಲ, ಶುಗರ್ ಇರುವವರಿಗೂ ಅನ್ಯೂರಿಸಂ ಬರಬಹುದು. ಪಾಪೆಯ ನಿಯಮಕ್ಕೂ ಮಿತಿ ಇದೆ. ಶುಗರ್‌ನವರಲ್ಲೂ ಸುಮಾರು ಮೂರರಲ್ಲಿ ಒಬ್ಬರಿಗೆ ಪಾಪೆ ಸ್ವಲ್ಪ ಅಗಲವಾಗುತ್ತದೆ, ಆದರೆ ವ್ಯತ್ಯಾಸ ಸಾಮಾನ್ಯವಾಗಿ ಒಂದು ಮಿ.ಮೀ. ದಾಟುವುದಿಲ್ಲ, ಬೆಳಕಿಗೆ ಕುಗ್ಗುವುದು ಪೂರ್ತಿ ನಿಲ್ಲುವುದಿಲ್ಲ. ಇನ್ನೊಂದು ಕಡೆ, ರೆಪ್ಪೆ ಅರ್ಧ ಮಾತ್ರ ಜೋತು, ಕಣ್ಣು ಸ್ವಲ್ಪ ಮಾತ್ರ ವಾಲಿದ್ದಾಗ ಪಾಪೆ ಸರಿ ಇದೆ ಎಂದು ನೆಮ್ಮದಿಯಾಗಿ ಕೂರುವಂತಿಲ್ಲ. ಒತ್ತಡ ಆಗ ತಾನೇ ಶುರುವಾಗಿರಬಹುದು, ಪಾಪೆ ನಾಲ್ಕು ದಿನ ಬಿಟ್ಟು ಅಗಲವಾಗಬಹುದು. ಅಂಥವರನ್ನು ಸ್ಕ್ಯಾನಿಗೆ ಕಳಿಸುತ್ತೇನೆ, ಮೊದಲ ವಾರ ದಿನಾ ಕರೆಸಿ ಪಾಪೆ ಅಳೆಯುತ್ತೇನೆ.

ಈ ಅಮ್ಮನ ವಿಷಯದಲ್ಲಿ ಕಾಯುವ ಪ್ರಶ್ನೆಯೇ ಇರಲಿಲ್ಲ. ಎರಡೂವರೆ ಮಿ.ಮೀ. ವ್ಯತ್ಯಾಸ, ಬೆಳಕಿಗೆ ಅಲುಗದ ಪಾಪೆ, ಬಿದ್ದ ರೆಪ್ಪೆ. ಅಕ್ಷಿಪಟಲ ನೋಡಲು ಹನಿ ಹಾಕಲಿಲ್ಲ, ಮುಂದಿನ ಡಾಕ್ಟರಿಗೂ ಆ ಪಾಪೆ ಹಾಗೆಯೇ ಸಿಗಬೇಕಲ್ಲ. ಪತ್ರದಲ್ಲಿ ಎರಡೂ ಪಾಪೆಯ ಅಳತೆ, ನೋಡಿದ ಗಂಟೆ, ಹನಿ ಹಾಕಿಲ್ಲ ಎಂಬುದು, ಮತ್ತು ನನ್ನ ಗುಮಾನಿಯನ್ನು ಬಿಡಿಸಿ ಬರೆದೆ. ಬರೀ ಸಿಟಿ ಸ್ಕ್ಯಾನ್ ಸಾಲದು, ನಾಳಗಳು ಕಾಣುವ ಸಿಟಿ ಆಂಜಿಯೋಗ್ರಾಂ ಇವತ್ತೇ ಬೇಕು ಎಂದೂ ಬರೆದೆ. ಒಡೆಯದ ಅನ್ಯೂರಿಸಂ ಸಾದಾ ಸಿಟಿಯಲ್ಲಿ ಕಾಣದೆ ಹೋಗಬಹುದು, “ಸ್ಕ್ಯಾನ್ ನಾರ್ಮಲ್” ಎಂದು ಮನೆಗೆ ಕಳಿಸುವ ಅಪಾಯ ಇರುತ್ತದೆ. “ನಾಳೆ ಹೋಗ್ತೀವಿ ಮೇಡಂ, ಇವತ್ತು ಕಾಸು ಹೊಂದಿಸ್ಬೇಕು” ಎಂದ ಮಗ. “ನೋಡಪ್ಪ, ಇದು ರೆಪ್ಪೆಯ ವಿಷಯ ಅಲ್ಲ, ತಲೆಯೊಳಗಿನ ರಕ್ತನಾಳದ್ದು. ಒಡೆದರೆ ನಾಳೆಗೆ ಉಳಿಯೋದು ಕಷ್ಟ” ಎಂದು ನೇರವಾಗಿ ಹೇಳಿದೆ. ಆಂಬುಲೆನ್ಸಿನಲ್ಲಿ ಆವತ್ತೇ ಬೆಂಗಳೂರಿಗೆ ಹೋದರು. ಆಂಜಿಯೋಗ್ರಾಂನಲ್ಲಿ ಆ ಜಾಗದಲ್ಲೇ ಅನ್ಯೂರಿಸಂ ಇತ್ತು, ಒಡೆದಿರಲಿಲ್ಲ. ತಲೆಬುರುಡೆ ತೆರೆದು ಅದರ ಬುಡಕ್ಕೆ ಕ್ಲಿಪ್ ಹಾಕಿದರು.

ಜೋತ ರೆಪ್ಪೆ, ಅಸಮ ಪಾಪೆ ಎರಡೂ ಇದ್ದ ಮಾತ್ರಕ್ಕೆ ಎಲ್ಲವೂ ಮೂರನೇ ನರವಲ್ಲ. ರೆಪ್ಪೆ ಒಂದೆರಡು ಮಿ.ಮೀ. ಮಾತ್ರ ಇಳಿದು, ಆ ಕಡೆಯ ಪಾಪೆ ಚಿಕ್ಕದಾಗಿದ್ದರೆ ದಾರಿಯೇ ಬೇರೆ. ಅದು ಪಾಪೆ ಅರಳಿಸುವ ಸಿಂಪಥೆಟಿಕ್ ನರ, ಆ ತೊಂದರೆಗೆ ಹಾರ್ನರ್ ಸಿಂಡ್ರೋಮ್ ಎನ್ನುತ್ತಾರೆ. ಈ ನರ ಮೆದುಳಿನಿಂದ ಬೆನ್ನುಹುರಿಯಲ್ಲಿ ಎದೆಯ ಮಟ್ಟಕ್ಕೆ ಇಳಿದು, ಶ್ವಾಸಕೋಶದ ತುದಿಯ ಮೇಲೆ ಹಾದು, ಕತ್ತಿನ ಕ್ಯಾರೋಟಿಡ್ ನಾಳವನ್ನು ತಬ್ಬಿಕೊಂಡು ಮತ್ತೆ ಕಣ್ಣಿಗೆ ಏರುತ್ತದೆ. ದೀಪ ಆರಿಸಿದಾಗ ಒಳ್ಳೆಯ ಪಾಪೆ ಕೂಡಲೇ ಅರಳುತ್ತದೆ, ಇದು ಹಿಂದೆ ಬೀಳುತ್ತದೆ. ಐದನೇ ಸೆಕೆಂಡಿನಲ್ಲಿ ಇರುವ ವ್ಯತ್ಯಾಸ ಹದಿನೈದನೇ ಸೆಕೆಂಡಿಗೆ ಕಡಿಮೆಯಾಗಿರುತ್ತದೆ. ಹಾಗಾಗಿ ಇಂಥವರಲ್ಲಿ ಕತ್ತು ನೋವು, ಭುಜ ನೋವು ಇದೆಯೇ ಎಂದು ಕೇಳುವುದು ಕಣ್ಣಿನ ಪರೀಕ್ಷೆಯಷ್ಟೇ ಮುಖ್ಯ. ಹೊಸದಾಗಿ ಕತ್ತು ನೋವಿನ ಜೊತೆ ಬಂದರೆ ಕ್ಯಾರೋಟಿಡ್ ನಾಳದ ಪದರ ಸೀಳಿರಬಹುದು, ಅದೂ ಅವತ್ತೇ ಕಳಿಸಬೇಕಾದ್ದು. ಭುಜದ ನೋವು ಕೈಗೆ ಇಳಿಯುತ್ತಿದ್ದರೆ ಶ್ವಾಸಕೋಶದ ತುದಿಯನ್ನು ನೋಡಬೇಕು.

ನಮ್ಮ ಕಡೆ ಇನ್ನೊಂದು ಇದೆ. ಕಳೆ ಕೀಳುವಾಗ ಉಮ್ಮತ್ತಿ ಗಿಡ ಮುಟ್ಟಿದ ಕೈಯಲ್ಲಿ ಕಣ್ಣು ಉಜ್ಜಿಕೊಂಡರೆ ಆ ಪಾಪೆ ಪೂರ್ತಿ ಅರಳಿ ನಿಲ್ಲುತ್ತದೆ, ಬೆಳಕಿಗೆ ಕುಗ್ಗುವುದಿಲ್ಲ. ಆದರೆ ರೆಪ್ಪೆ ಜೋತಿರುವುದಿಲ್ಲ, ಕಣ್ಣು ಎಲ್ಲ ಕಡೆಗೂ ತಿರುಗುತ್ತದೆ. ಒಂದು ಶೇಕಡಾ ಪೈಲೋಕಾರ್ಪಿನ್ ಹನಿ ಹಾಕಿದರೆ ಮೂರನೇ ನರದ ಪಾಪೆ ಕುಗ್ಗುತ್ತದೆ, ಉಮ್ಮತ್ತಿಯ ಪಾಪೆ ಜಗ್ಗುವುದಿಲ್ಲ, ಅಲ್ಲಿ ಸ್ನಾಯುವಿನ ಬಾಗಿಲೇ ಮುಚ್ಚಿರುತ್ತದೆ. ಕೆಲವು ದಿನದಲ್ಲಿ ತಾನಾಗಿ ಇಳಿಯುತ್ತದೆ.

ಆ ಅಮ್ಮ ಈಗಲೂ ತೋರಿಸಲು ಬರುತ್ತಾರೆ. ರೆಪ್ಪೆ ತಿಂಗಳುಗಳ ಮೇಲೆ ನಿಧಾನವಾಗಿ ಎದ್ದಿತು, ಪಾಪೆ ಇನ್ನೂ ಸ್ವಲ್ಪ ದೊಡ್ಡದೇ ಇದೆ. ಅವರು ಕೆಳಗೆ ನೋಡಿದಾಗ ಎಡ ರೆಪ್ಪೆ ಕೆಳಗೆ ಇಳಿಯುವ ಬದಲು ಮೇಲಕ್ಕೆ ಏರುತ್ತದೆ. ಮತ್ತೆ ಬೆಳೆದ ಎಳೆಗಳು ದಾರಿ ತಪ್ಪಿ, ಕಣ್ಣು ಇಳಿಸುವ ಎಳೆ ರೆಪ್ಪೆಯ ಸ್ನಾಯುವಿಗೆ ಸೇರಿಕೊಂಡಿರುವುದರಿಂದ ಹೀಗೆ. ಇದು ಒತ್ತಡದಿಂದ ಅಥವಾ ಪೆಟ್ಟಿನಿಂದ ಕೆಟ್ಟ ನರದಲ್ಲಿ ಕಾಣುವ ಲಕ್ಷಣ. ಶುಗರ್‌ನಿಂದ ಬಿದ್ದ ನರದಲ್ಲಿ ಹೀಗೆ ಆಗುವುದನ್ನು ನಾವು ನಿರೀಕ್ಷಿಸುವುದಿಲ್ಲ. ಶುಗರ್‌ದು ಎಂದು ಹೇಳಿ ಮನೆಗೆ ಕಳಿಸಿದ ಯಾರಾದರೂ ಕೆಳಗೆ ನೋಡಿದಾಗ ರೆಪ್ಪೆ ಏರುವುದು ಕಂಡರೆ, ಅವರ ನಾಳಗಳ ಸ್ಕ್ಯಾನ್ ಆಗಿದೆಯೇ ಎಂದು ಹಳೆಯ ಚೀಟಿ ತೆಗೆಸಿ ನೋಡಿ, ಆಗಿಲ್ಲದಿದ್ದರೆ ಮಾಡಿಸಿ.