ತಟ್ಟೆ ತಳದ 47

ನಮ್ಮಕ್ಕನ ಮಗ ಹಾಸ್ಟೆಲಿಂದ ರಜಕ್ಕೆ ಹಾಸನಕ್ಕೆ ಬಂದಿದಾನೆ, ಊಟಕ್ ಕೂತ್ರೆ ಐದೇ ನಿಮಿಷ, ತಟ್ಟೆ ತಳದಲ್ಲಿ ಮೊಳೇಲಿ ಕೆತ್ತಿರೋ 47, ನಿನ್ನೆ ರಾತ್ರಿ 'ಮಾವ, ಬಾತ್ರೂಮಿಗೆ ಹೋಗ್ಲಾ' ಅಂತ ಕೇಳ್ದ ನೋಡಿ, ಹೊಟ್ಟೆ ಚುರುಕ್ ಅಂತು. ಡಿಗ್ರೀಲಿ ಓದಿದ್ದು ನೆನಪಾಯ್ತು, ಸಮಾಜಶಾಸ್ತ್ರಜ್ಞ ಗಾಫ್‌ಮನ್ 1961ರಲ್ಲೇ ಬರ್ದಿದಾನೆ, ನಿದ್ದೆ ಕೆಲ್ಸ ಆಟ ಮೂರೂ ಒಂದೇ ಕಡೆ ಒಂದೇ ಅಧಿಕಾರದ ಕೈಕೆಳಗೆ ನಡೆದ್ರೆ ಅದು ಟೋಟಲ್ ಇನ್‌ಸ್ಟಿಟ್ಯೂಷನ್, ಜೈಲಿರ್ಲಿ ಬೋರ್ಡಿಂಗ್ ಸ್ಕೂಲಿರ್ಲಿ. ಮೊದ್ಲು ಕೂದ್ಲು, ಬಟ್ಟೆ, ಹೆಸ್ರು ತೆಗ್ದು ನಂಬರ್ ಕೊಡೋದು, ಆಮೇಲೆ ಚಿಕ್ಕಪುಟ್ಟದಕ್ಕೂ ಪರ್ಮಿಷನ್, ಹೇಳ್ದಂಗ್ ಕೇಳಿದ್ರೆ ಒಂದ್ ಸಣ್ಣ ಸವಲತ್ತು, ಹಂಗೇ ಹೊಸ ಮನುಷ್ಯ ರೆಡಿ. ಖೈದಿಗಿಲ್ದಿರೋ ದಸರಾ ರಜ ಇವನಿಗಿದೆ ಅನ್ನೋದು ನಿಜ, ಆದ್ರೂ ಇವತ್ತು ಐದಕ್ಕೇ ಎದ್ದು ಹಾಸಿಗೆ ಮಡಚಿಟ್ಟು ಕೂತಿದ್ದ, ಯಾವ ಬೆಲ್ಲೂ ಇಲ್ದೆ.