ಅಪ್‌ಡೇಟ್ ಆದ ಮೇಲೆ ಲೋಗೋದಲ್ಲೇ ಸುತ್ತುವ ಫೋನ್: ರೀಸೆಟ್‌ಗೆ ಮುಂಚೆ ಮಾಡಬೇಕಾದ್ದು

ಸಾಗರದಲ್ಲಿ ನಂದೊಂದು ಮೊಬೈಲ್ ರಿಪೇರಿ ಅಂಗಡಿ. ರಾತ್ರಿ ಅಪ್‌ಡೇಟ್‌ಗೆ ಹಾಕಿ ಮಲಗಿದ್ದೆ, ಬೆಳಗ್ಗೆ ನೋಡಿದರೆ ಲೋಗೋ ಬರುತ್ತೆ, ಹೋಗುತ್ತೆ, ಮತ್ತೆ ಬರುತ್ತೆ ಅಂತ ಫೋನ್ ತರುವವರು ಆಗಾಗ ಇರುತ್ತಾರೆ. ಹೀಗೆ ಬರುವವರಲ್ಲಿ ಹೆಚ್ಚಿನವರ ಫೋನ್ ರೀಸೆಟ್ ಮಾಡಿದರೆ ಸರಿಹೋಗುತ್ತೆ. ಆದರೆ ಒಳಗಿನ ಫೋಟೋ, ಫೈಲ್ ಎಲ್ಲಾ ಹೋಗುತ್ತೆ, ಮತ್ತೆ ಸಿಗಲ್ಲ. ಈಗಿನ ಫೋನ್‌ಗಳಲ್ಲಿ ಡೇಟಾ ಎನ್‌ಕ್ರಿಪ್ಟ್ ಆಗಿರುತ್ತೆ. ರೀಸೆಟ್ ಮಾಡಿದಾಗ ಅದರ ಕೀ ಕೂಡ ಅಳಿಸಿಹೋಗುತ್ತೆ. ಆಮೇಲೆ ಯಾವ ರಿಕವರಿ ಸಾಫ್ಟ್‌ವೇರ್ ಹಾಕಿದರೂ ಪ್ರಯೋಜನ ಇಲ್ಲ.

ಹಾಗಾಗಿ ರೀಸೆಟ್ ನಮ್ಮ ಅಂಗಡಿಯಲ್ಲಿ ಕಟ್ಟಕಡೆಯ ಕೆಲಸ. ಅದಕ್ಕಿಂತ ಮುಂಚೆ ಏನೇನು ನೋಡುತ್ತೇವೆ ಅಂತ ಒಂದು ಫೋನ್ ಇಟ್ಟುಕೊಂಡೇ ಹೇಳುತ್ತೇನೆ. ಕಂಪನಿ ಹೆಸರು ಬೇಡ ಬಿಡಿ.

ತಂದವರು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವರು. ತೂಕದ ಚೀಟಿಗಳನ್ನೆಲ್ಲಾ ಫೋಟೋ ಹೊಡೆದು ಫೋನ್‌ನಲ್ಲೇ ಇಟ್ಟಿದ್ದರು. ಬ್ಯಾಕಪ್ ಇರಲಿಲ್ಲ. "ಅಣ್ಣ, ಫೋನ್ ಹೋದ್ರೂ ಪರವಾಗಿಲ್ಲ, ಚೀಟಿ ಬೇಕು" ಅಂದರು. ಸ್ಕ್ರೀನ್ ಮೇಲೆ ಆಗ ಇದ್ದದ್ದು ಈ ಸಾಲು: "Can't load Android system. Your data may be corrupt." ಅದರ ಕೆಳಗೆ ಎರಡೇ ಆಯ್ಕೆ, "Try again" ಮತ್ತು "Factory data reset". ಎರಡನೇದನ್ನು ಒತ್ತಿಬಿಡಿ ಅಂತ ಮನೆಯಲ್ಲಿ ಹುಡುಗರು ಹೇಳಿದ್ದರಂತೆ. ಪುಣ್ಯಕ್ಕೆ ಅವರು ಒತ್ತಿರಲಿಲ್ಲ.

ಈ ಸ್ಕ್ರೀನ್ ನೋಡಿ ಹೆದರುವವರು ಜಾಸ್ತಿ. ಡೇಟಾ ಕೆಟ್ಟಿದೆ ಅಂತ ಫೋನೇ ಹೇಳ್ತಿದೆಯಲ್ಲ ಅಂತ. ಅದು ಹೇಳುತ್ತಿರುವುದು ಕೆಟ್ಟಿರಬಹುದು ಅಂತ ಮಾತ್ರ. ಆಂಡ್ರಾಯ್ಡ್ 8ರಿಂದ ಈಚೆಗೆ ಒಂದು ವ್ಯವಸ್ಥೆ ಇದೆ. ಸಿಸ್ಟಮ್ ಕಡಿಮೆ ಹೊತ್ತಿನಲ್ಲಿ ಮತ್ತೆ ಮತ್ತೆ ಬಿದ್ದರೆ, ಅದು ತನ್ನಷ್ಟಕ್ಕೆ ತಾನೇ ಕೆಲವು ಸೆಟ್ಟಿಂಗ್ ಹಿಂದಕ್ಕೆ ತಂದು ನೋಡುತ್ತೆ. ಆಗಲೂ ಏಳದಿದ್ದರೆ ರಿಕವರಿಗೆ ಬಂದು ಈ ಸಾಲು ತೋರಿಸುತ್ತೆ. ಯಾಕೆ ಬಿತ್ತು ಅನ್ನುವುದು ಅದಕ್ಕೆ ಗೊತ್ತಿರಲ್ಲ. ಇಲ್ಲಿ ಒತ್ತಬೇಕಾದ್ದು "Try again". ಒತ್ತಿದರೆ ಏನೂ ಅಳಿಸಲ್ಲ.

ನಾನೂ ಅದನ್ನೇ ಒತ್ತಿ, ಫೋನ್ ಎಲ್ಲಿಯವರೆಗೆ ಬಂದು ಬೀಳುತ್ತೆ ಅಂತ ನೋಡುತ್ತಾ ಕೂತೆ. ಈ ನೋಡುವ ಕೆಲಸವೇ ಮುಖ್ಯ. ಕಂಪನಿ ಲೋಗೋ ಬಂದ ತಕ್ಷಣ ಆಫ್ ಆದರೆ ಬ್ಯಾಟರಿ, ಪವರ್ ಬಟನ್, ಬೋರ್ಡ್ ಕಡೆ ಅನುಮಾನ ಹೋಗುತ್ತೆ, ಇಲ್ಲವೇ ಸಾಫ್ಟ್‌ವೇರೇ ಸರಿಯಾಗಿ ಕೂತಿಲ್ಲ. ಅನಿಮೇಷನ್ ಓಡುತ್ತಲೇ ಇದ್ದರೆ ಸಿಸ್ಟಮ್ ಏಳೋಕೆ ಒದ್ದಾಡುತ್ತಿದೆ. ಲಾಕ್ ಸ್ಕ್ರೀನ್ ಒಂದು ಕ್ಷಣ ಕಂಡು ಬಿದ್ದರೆ ಅದು ಒಳ್ಳೆಯ ಸುದ್ದಿ. ಸಿಸ್ಟಮ್ ಎದ್ದಿದೆ, ಎದ್ದ ಮೇಲೆ ಏನೋ ಅದನ್ನು ಬೀಳಿಸುತ್ತಿದೆ ಅಂತ ಅರ್ಥ. ಇವರ ಫೋನ್‌ನಲ್ಲಿ ಲಾಕ್ ಸ್ಕ್ರೀನ್ ಬಂದು, ಗಡಿಯಾರ ಕಂಡು, ಪಿನ್ ಹಾಕುವಷ್ಟರಲ್ಲಿ ಕಪ್ಪಾಗುತ್ತಿತ್ತು.

ಮುಂದಿನದು ರಿಕವರಿ ಮೋಡ್. ಅಪ್‌ಡೇಟ್ ಆಗಿ ಕೆಟ್ಟ ಸಿಸ್ಟಮ್ ಇದಕ್ಕೆ ಬೇಕಿಲ್ಲ, ಇದು ಬೇರೆಯೇ ಎದ್ದೇಳುವ ಚಿಕ್ಕ ವ್ಯವಸ್ಥೆ. ಸುತ್ತುತ್ತಿರುವ ಫೋನ್ ಆಫ್ ಆಗಲ್ಲ, ಅದೇ ಮೊದಲ ಕಿರಿಕಿರಿ. ಬಹಳ ಫೋನ್‌ಗಳಲ್ಲಿ ವಾಲ್ಯೂಮ್ ಕೆಳಗಿನ ಬಟನ್ ಮತ್ತು ಪವರ್ ಬಟನ್ ಒಟ್ಟಿಗೆ ಹತ್ತು ಸೆಕೆಂಡ್ ಒತ್ತಿ ಹಿಡಿದರೆ ಸ್ಕ್ರೀನ್ ಕಪ್ಪಾಗುತ್ತೆ. ಆ ಗಳಿಗೆಯಲ್ಲೇ ವಾಲ್ಯೂಮ್ ಮೇಲಿನ ಬಟನ್‌ಗೆ ಬೆರಳು ಬದಲಿಸಿ, ಪವರ್ ಜೊತೆ ಹಿಡಿದುಕೊಳ್ಳಬೇಕು. ಸ್ಯಾಮ್‌ಸಂಗ್‌ನ ಈಚಿನ ಮಾಡೆಲ್‌ಗಳಲ್ಲಿ ಇಷ್ಟು ಮಾಡಿದರೂ ರಿಕವರಿ ಬರದೇ ಇರಬಹುದು. ಯುಎಸ್‌ಬಿ ಕೇಬಲ್ ಹಾಕಿ ಕಂಪ್ಯೂಟರ್‌ಗೆ ಜೋಡಿಸಿದ್ದರೆ ಮಾತ್ರ ಬರುತ್ತೆ. ಇದು ಗೊತ್ತಿಲ್ಲದೆ ಬಟನ್ ಕೆಟ್ಟಿದೆ ಅಂದುಕೊಂಡು ಬಿಚ್ಚಿದವರೂ ಇದ್ದಾರೆ. ಪಿಕ್ಸೆಲ್‌ನಲ್ಲಿ ವಾಲ್ಯೂಮ್ ಕೆಳಗಿನ ಬಟನ್ ಮತ್ತು ಪವರ್ ಹಿಡಿದರೆ ಫಾಸ್ಟ್‌ಬೂಟ್ ಬರುತ್ತೆ, ಅಲ್ಲಿಂದ "Recovery mode" ಆರಿಸಬೇಕು. ಆಮೇಲೆ ಮಲಗಿದ ರೋಬೋ ಚಿತ್ರದ ಜೊತೆ "No command" ಅಂತ ಬರುತ್ತೆ. ಅದು ತಪ್ಪಲ್ಲ. ಪವರ್ ಹಿಡಿದುಕೊಂಡೇ ವಾಲ್ಯೂಮ್ ಮೇಲಿನ ಬಟನ್ ಒಂದು ಸಲ ಒತ್ತಿ ಬಿಟ್ಟರೆ ಮೆನು ಬರುತ್ತೆ.

ಮೆನು ಬಂದ ಕೂಡಲೇ ಏನೂ ಆರಿಸದೆ ನಾನು ಐದಾರು ನಿಮಿಷ ಫೋನ್‌ನ ಹಾಗೇ ಟೇಬಲ್ ಮೇಲೆ ಇಡುತ್ತೇನೆ. ರಿಕವರಿಯಲ್ಲಿದ್ದಾಗಲೂ ಆಫ್ ಆಗಿ ಆನ್ ಆದರೆ, ತೊಂದರೆ ಅಪ್‌ಡೇಟ್‌ನದಲ್ಲ. ಬೆಳಕಿನ ಪಟ್ಟಿ ತಾನಾಗೇ ಕೆಳಗೆ ಇಳಿಯುತ್ತಾ ಹೋದರೆ ವಾಲ್ಯೂಮ್ ಬಟನ್ ಒಳಗೆ ಸಿಕ್ಕಿಕೊಂಡಿದೆ. ಯಾವುದೋ ಆಯ್ಕೆ ತಾನಾಗೇ ಒತ್ತಿಕೊಂಡರೆ ಪವರ್ ಬಟನ್. ಇಂಥ ಫೋನ್‌ನ ಅಲ್ಲಿಗೇ ನಿಲ್ಲಿಸಿ ಬಿಚ್ಚಬೇಕು, ಯಾಕೆಂದರೆ ಮೆನುವಿನಲ್ಲಿ ರೀಸೆಟ್ ಕೂಡ ಇದೆ. ಮಂಡಿಯವರ ಫೋನ್ ಅಲ್ಲಾಡದೆ ನಿಂತಿತು. ಹಾರ್ಡ್‌ವೇರ್ ಅನುಮಾನ ಬಹುಮಟ್ಟಿಗೆ ಹೋಯಿತು.

ಈಗ ಕ್ಯಾಶ್ ಅಳಿಸುವುದು. ಮೆನುವಿನಲ್ಲಿ ಅದರ ಹೆಸರು "Wipe cache partition". ಅದರ ಸರಿಯಾಗಿ ಮೇಲಿನ ಸಾಲೇ "Wipe data/factory reset". ವಾಲ್ಯೂಮ್ ಬಟನ್‌ನಲ್ಲಿ ಒಂದು ಒತ್ತು ಕಡಿಮೆಯಾದರೆ ಕಥೆ ಮುಗೀತು. ಅದಕ್ಕೇ ನಾನು ಬೆಳಕಿನ ಪಟ್ಟಿ ಎಲ್ಲಿ ನಿಂತಿದೆ ಅಂತ ಬಾಯಿಬಿಟ್ಟು ಓದಿಯೇ ಪವರ್ ಒತ್ತುತ್ತೇನೆ. ಗಿರಾಕಿ ಎದುರಿಗೆ ಇದ್ದರೆ ಅವರ ಕೈಲೂ ಓದಿಸುತ್ತೇನೆ. ಮತ್ತೊಂದು ಸ್ಕ್ರೀನ್‌ನಲ್ಲಿ "Yes" ಕೇಳುತ್ತೆ, ಅಲ್ಲೂ ಮೇಲೆ ಏನು ಬರೆದಿದೆ ಅಂತ ನೋಡಬೇಕು. ಕೆಲವೇ ಸೆಕೆಂಡಿನಲ್ಲಿ "Cache wipe complete" ಅಂತ ಕೆಳಗೆ ಬರುತ್ತೆ. ಆಮೇಲೆ "Reboot system now".

ಇದರ ಬಗ್ಗೆ ಇರುವಷ್ಟು ತಪ್ಪು ತಿಳಿವಳಿಕೆ ಇನ್ಯಾವುದರ ಬಗ್ಗೆಯೂ ಇಲ್ಲ. ಕ್ಯಾಶ್ ಪಾರ್ಟಿಷನ್ ಅಂದರೆ ಸ್ಟೋರೇಜ್‌ನಲ್ಲಿ ಬೇರೆಯಾಗಿ ಕಟ್ಟಿದ ಚಿಕ್ಕ ಜಾಗ. ಅದರಲ್ಲಿ ಅಪ್‌ಡೇಟ್‌ಗೆ ಸಂಬಂಧಿಸಿದ ತಾತ್ಕಾಲಿಕ ಫೈಲ್, ರಿಕವರಿಯ ಲಾಗ್, ಇಂಥವು ಇರುತ್ತವೆ. ನಿಮ್ಮ ಫೋಟೋ, ವಾಟ್ಸ್‌ಆ್ಯಪ್, ಆ್ಯಪ್‌ಗಳ ಸ್ವಂತ ಕ್ಯಾಶ್ ಎಲ್ಲಾ ಇರುವುದು ಡೇಟಾ ಪಾರ್ಟಿಷನ್‌ನಲ್ಲಿ. ಹಾಗಾಗಿ ಕ್ಯಾಶ್ ಅಳಿಸಿದರೆ ನಿಮ್ಮದೇನೂ ಹೋಗಲ್ಲ. ಅದೇ ಕಾರಣಕ್ಕೆ ತುಂಬಿದ ಸ್ಟೋರೇಜ್ ಖಾಲಿಯೂ ಆಗಲ್ಲ. ಹಳೆಯ ಫೋನ್‌ಗಳಲ್ಲಿ, ಅದರಲ್ಲೂ ಅಪ್‌ಡೇಟ್ ಅರ್ಧಕ್ಕೆ ನಿಂತು ಅದರ ಉಳಿಕೆ ಅಲ್ಲೇ ಕೂತಿದ್ದಾಗ, ಈ ಒಂದೇ ಕೆಲಸಕ್ಕೆ ಫೋನ್ ಎದ್ದದ್ದು ನೋಡಿದ್ದೇನೆ. ಹೊಸ ಫೋನ್‌ಗಳಲ್ಲಿ ಈ ಆಯ್ಕೆಯೇ ಇಲ್ಲದಿರಬಹುದು. ಪಿಕ್ಸೆಲ್‌ನಲ್ಲಿ ಇಲ್ಲ. ಅಲ್ಲಿ ಸಿಸ್ಟಮ್ ಎರಡು ಪ್ರತಿ ಇರುತ್ತೆ, ಒಂದು ಓಡುವಾಗ ಅಪ್‌ಡೇಟ್ ಇನ್ನೊಂದಕ್ಕೆ ಕೂರುತ್ತೆ, ಹೊಸದು ಏಳದಿದ್ದರೆ ಹಳೆಯದಕ್ಕೆ ಮರಳುತ್ತೆ. ಶಿಯೋಮಿಯ ರಿಕವರಿಯಲ್ಲಿ ಕಾಣುವುದು "Wipe Data" ಮಾತ್ರ. ಕ್ಯಾಶ್ ಹುಡುಕುತ್ತಾ ಅದನ್ನು ಒತ್ತಿದರೆ ರೀಸೆಟ್ ಆಗಿಬಿಡುತ್ತೆ, ಹುಷಾರು.

ಕ್ಯಾಶ್ ಅಳಿಸಿದ ಮೇಲೆ ಮೊದಲ ಸಲ ಏಳುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಬಹುದು. ಅನಿಮೇಷನ್ ನಿಲ್ಲದೆ ಓಡುತ್ತಿದ್ದರೆ ಕಾಲು ಗಂಟೆಯಾದರೂ ಬಿಡಬೇಕು, ಚಾರ್ಜರ್ ಹಾಕಿಯೇ.

ಮಂಡಿಯವರ ಫೋನ್ ಎದ್ದಿತು, ಗಡಿಯಾರ ತೋರಿಸಿತು, ಮತ್ತೆ ಬಿತ್ತು. ಅಂದರೆ ಕ್ಯಾಶ್ ಕಾರಣ ಅಲ್ಲ. ಬಹಳ ಅಂಗಡಿಗಳಲ್ಲಿ ಇಲ್ಲಿಗೆ ರೀಸೆಟ್ ಮಾತು ಬರುತ್ತೆ. ಆದರೆ ಲಾಕ್ ಸ್ಕ್ರೀನ್‌ವರೆಗೆ ಬರುವ ಫೋನ್‌ಗೆ ಇನ್ನೊಂದು ದಾರಿ ಇದೆ, ಸೇಫ್ ಮೋಡ್. ಫೋನ್ ಏಳುವಾಗ ಲೋಗೋ ಕಂಡ ಕೂಡಲೇ ವಾಲ್ಯೂಮ್ ಕೆಳಗಿನ ಬಟನ್ ಒತ್ತಿ, ಲಾಕ್ ಸ್ಕ್ರೀನ್ ಬರುವ ತನಕ ಬಿಡಬಾರದು. ಆಗ ನಾವು ಹಾಕಿಕೊಂಡ ಆ್ಯಪ್ ಒಂದೂ ಓಡಲ್ಲ, ಫೋನ್ ಜೊತೆ ಬಂದವು ಮಾತ್ರ ಓಡುತ್ತವೆ. ಮೂಲೆಯಲ್ಲಿ "Safe mode" ಅಂತ ಬಂತು. ಪಿನ್ ಹಾಕಿದರು. ಫೋನ್ ನಿಂತಿತು.

ಇಂಥ ಹೊತ್ತಿನಲ್ಲಿ ರಿಪೇರಿಗೆ ಕೈ ಹಾಕಬಾರದು, ಮೊದಲು ಡೇಟಾ ತೆಗೆಯಬೇಕು. ಕೇಬಲ್ ಹಾಕಿ, ನೋಟಿಫಿಕೇಷನ್‌ನಲ್ಲಿ ಫೈಲ್ ಟ್ರಾನ್ಸ್‌ಫರ್ ಆರಿಸಿ, ಮೊದಲು ಕ್ಯಾಮೆರಾ ಫೋಟೋಗಳಿರುವ DCIM ಫೋಲ್ಡರ್ ಕಂಪ್ಯೂಟರ್‌ಗೆ ಹಾಕಿಕೊಂಡೆ. ಆಮೇಲೆ ವಾಟ್ಸ್‌ಆ್ಯಪ್‌ನದು. ಅದು ಇರುವುದು ಇಲ್ಲಿ:

```
Android/media/com.whatsapp
```

ಚೀಟಿಗಳ ಫೋಟೋ ತೆರೆದು ತೋರಿಸಿದ ಮೇಲೆಯೇ ಅವರು ಟೀ ಕುಡಿದದ್ದು.

ಇನ್ನು ಬೀಳಿಸುತ್ತಿದ್ದದ್ದು ಯಾವುದು? ಸೇಫ್ ಮೋಡ್‌ನಲ್ಲಿ ನಿಂತಿದೆ ಅಂದರೆ ಯಾವುದೋ ಆ್ಯಪ್. ಲಾಕ್ ಸ್ಕ್ರೀನ್ ಬಂದ ಕೂಡಲೇ ಬೀಳುತ್ತಿದೆ ಅಂದರೆ, ಲಾಕ್ ಸ್ಕ್ರೀನ್ ಮೇಲೇ ಕೆಲಸ ಮಾಡುವಂಥದ್ದು ಇರಬಹುದು. ಪಟ್ಟಿಯಲ್ಲಿ ಒಂದು ಲಾಕ್ ಸ್ಕ್ರೀನ್ ಥೀಮ್ ಆ್ಯಪ್ ಇತ್ತು. ಅನ್‌ಇನ್‌ಸ್ಟಾಲ್ ಬಟನ್ ಒತ್ತೋಕೆ ಬರಲಿಲ್ಲ, ಮಸುಕಾಗಿತ್ತು. ಅದಕ್ಕೆ ಡಿವೈಸ್ ಅಡ್ಮಿನ್ ಅನುಮತಿ ಕೊಟ್ಟಿದ್ದರು. ಸೆಟ್ಟಿಂಗ್ಸ್‌ನಲ್ಲಿ ಸೆಕ್ಯುರಿಟಿ ಒಳಗೆ ಹೋಗಿ ಆ ಅನುಮತಿ ತೆಗೆದರೆ ಆಮೇಲೆ ಅನ್‌ಇನ್‌ಸ್ಟಾಲ್ ಆಗುತ್ತೆ. ತೆಗೆದು, ಮಾಮೂಲಿಯಾಗಿ ರೀಸ್ಟಾರ್ಟ್ ಮಾಡಿದೆ. ಫೋನ್ ಬೀಳಲಿಲ್ಲ. ಅಪ್‌ಡೇಟ್‌ಗೆ ಮುಂಚೆ ಸರಿಯಾಗೇ ಇದ್ದ ಆ್ಯಪ್ ಹೊಸ ಸಿಸ್ಟಮ್ ಜೊತೆ ಹೊಂದಲಿಲ್ಲ, ಅಷ್ಟೇ.

ಲಾಕ್ ಸ್ಕ್ರೀನ್‌ವರೆಗೂ ಬರದ ಫೋನ್‌ಗೆ ಸೇಫ್ ಮೋಡ್ ನಡೆಯಲ್ಲ. ಅಲ್ಲಿ ಇನ್ನೊಂದು ಪ್ರಯತ್ನ ಉಂಟು, ಅದೇ ಮಾಡೆಲ್‌ನ ಪೂರ್ತಿ ಅಪ್‌ಡೇಟ್ ಫೈಲ್ ಸಿಕ್ಕರೆ. ಪಿಕ್ಸೆಲ್‌ಗೆ ಗೂಗಲ್ ಇವನ್ನು ತನ್ನ ಸೈಟ್‌ನಲ್ಲೇ ಇಟ್ಟಿದೆ. ರಿಕವರಿಯಲ್ಲಿ "Apply update from ADB" ಆರಿಸಿ, ಫೋನ್‌ಗೆ ಆದೇಶ ಕಳಿಸುವ adb ಅನ್ನುವ ಸಾಫ್ಟ್‌ವೇರ್ ಇರುವ ಕಂಪ್ಯೂಟರ್‌ನಿಂದ, ota.zip ಜಾಗದಲ್ಲಿ ಆ ಫೈಲ್‌ನ ಹೆಸರು ಹಾಕಿ ಇಷ್ಟು ಕೊಟ್ಟರೆ ಸಿಸ್ಟಮ್ ಮತ್ತೆ ಕೂರುತ್ತೆ, ಡೇಟಾ ಹಾಗೇ ಇರುತ್ತೆ:

```
adb devices
adb sideload ota.zip
```

ಮೊದಲ ಸಾಲಿಗೆ ಫೋನ್‌ನ ಎದುರು `sideload` ಅಂತ ಬರಬೇಕು. ಬರದಿದ್ದರೆ ಕೇಬಲ್ ಅಥವಾ ಡ್ರೈವರ್ ನೋಡಿ. ಫೋನ್‌ನಲ್ಲಿ ಈಗ ಇರುವುದಕ್ಕಿಂತ ಹಳೆಯ ಫೈಲ್ ಕೊಟ್ಟರೆ ತಗೊಳ್ಳಲ್ಲ.

ಇಷ್ಟೆಲ್ಲಾ ಆಗಿಯೂ ಏಳದ ಫೋನ್ ಇರುತ್ತವೆ. ಆಗ ರೀಸೆಟ್ ಮಾಡಲೇಬೇಕು. ಆದರೆ ಗಿರಾಕಿಗೆ ಮೊದಲೇ ಒಂದು ಕೇಳಿ: ಈ ಫೋನ್‌ನಲ್ಲಿರುವ ಗೂಗಲ್ ಐಡಿ, ಪಾಸ್‌ವರ್ಡ್ ಗೊತ್ತಾ? ರಿಕವರಿಯಿಂದ ರೀಸೆಟ್ ಮಾಡಿದ ಫೋನ್ ಹಿಂದೆ ಇದ್ದ ಅಕೌಂಟ್ ಕೇಳಿಯೇ ಕೇಳುತ್ತೆ, ಕಳ್ಳತನ ತಡೆಯೋಕೆ ಮಾಡಿರುವುದು. ನಮ್ಮ ಕಡೆ ಫೋನ್ ತಗೊಂಡ ದಿನ ಅಂಗಡಿಯವರೇ ಐಡಿ ಮಾಡಿಕೊಟ್ಟಿರುತ್ತಾರೆ, ಪಾಸ್‌ವರ್ಡ್ ಯಾರಿಗೂ ನೆನಪಿರಲ್ಲ. ಅಂಥವರಿಗೆ ನಾನು ರೀಸೆಟ್‌ಗೆ ಮುಂಚೆಯೇ ಮನೆಯ ಇನ್ನೊಂದು ಫೋನ್‌ನಲ್ಲಿ ಆ ಐಡಿಗೆ ಲಾಗಿನ್ ಆಗಿ ತೋರಿಸಿ ಅನ್ನುತ್ತೇನೆ. ಪಾಸ್‌ವರ್ಡ್ ಬದಲಿಸುವುದಿದ್ದರೆ ಸಿಮ್ ತೆಗೆದು ಬೇರೆ ಫೋನ್‌ಗೆ ಹಾಕಿ, ಒಟಿಪಿ ಅಲ್ಲಿಗೆ ತರಿಸಿಕೊಂಡು ಬದಲಿಸುತ್ತೇವೆ. ಅದೂ ಆಗದಿದ್ದರೆ ಖರೀದಿ ಬಿಲ್ ಹುಡುಕಿಕೊಂಡು ಕಂಪನಿಯ ಸರ್ವಿಸ್ ಸೆಂಟರ್‌ಗೆ ಹೋಗಿ ಅಂತ ಹೇಳಿ, ರೀಸೆಟ್ ಮಾಡದೆ ಫೋನ್ ವಾಪಸ್ ಕೊಡುತ್ತೇನೆ.