ಪಿಲ್ಲರ್ ಡ್ರಿಲ್ಲಿಂಗ್ ಯಂತ್ರದ ಕಾರ್ಯವಿಧಾನ: ಮೂರನೆಯ ಕರಡಿನವರೆಗೆ

ಮೊದಲ ವಾರ

ಬದಿಯಡ್ಕದ ಹತ್ತಿರ ನಮ್ಮದೊಂದು ಸಣ್ಣ ವರ್ಕ್‌ಶಾಪ್ ಇದೆ. ಅಡಿಕೆ ತೋಟಗಳ ಪಂಪಿನ ಸ್ಟ್ಯಾಂಡ್, ಬೆಲ್ಟ್‌ಗಾರ್ಡ್, ಗೇಟಿನ ತಿರುಗಣೆ ಮುಂತಾದವುಗಳನ್ನು ಮಾಡುತ್ತೇವೆ. ಈ ಮಳೆಗಾಲಕ್ಕೆ ಇಬ್ಬರು ಹುಡುಗರು ಕೆಲಸ ಕಲಿಯಲು ಸೇರಿದ್ದರಿಂದ, ಪಿಲ್ಲರ್ ಡ್ರಿಲ್ಲಿಂಗ್ ಯಂತ್ರವನ್ನು ಬಳಸುವ ಕ್ರಮವನ್ನು ಬರೆದು ಯಂತ್ರದ ಪಕ್ಕದ ಗೋಡೆಗೆ ಅಂಟಿಸಬೇಕೆಂದು ನಿಶ್ಚಯಿಸಿದೆ.

ಮೊದಲ ಕರಡನ್ನು ಒಂದೇ ಸಂಜೆಯಲ್ಲಿ ಬರೆದು ಮುಗಿಸಿದೆ. ಕೈಗವಸು ಹಾಕಬಾರದು, ಏಕೆಂದರೆ ತಿರುಗುವ ಬಿಟ್‌ಗೆ ಬಟ್ಟೆಯ ಒಂದು ಎಳೆ ಸಿಕ್ಕಿದರೂ ಅದು ಬೆರಳನ್ನೂ ಜೊತೆಗೆ ಸುತ್ತಿಕೊಳ್ಳುತ್ತದೆ. ಕನ್ನಡಕ ಬೇಕು, ತೋಳು ಮಡಚಿರಬೇಕು. ಬಿಟ್ ಹಿಡಿಯುವ ಚಕ್ಕನ್ನು ಬಿಗಿಯುವ ಕೀಯನ್ನು ಚಕ್‌ನಲ್ಲೇ ಬಿಟ್ಟು ಸ್ವಿಚ್ ಹಾಕಬಾರದು. ಲೋಹದ ಸುರುಳಿಗಳನ್ನು ಕೈಯಿಂದ ಎಳೆಯದೆ, ಯಂತ್ರ ನಿಂತ ಮೇಲೆ ಬ್ರಷ್‌ನಿಂದ ಗುಡಿಸಬೇಕು. ಇವುಗಳಲ್ಲಿ ತಿದ್ದುವಂಥದ್ದು ಏನೂ ಇರಲಿಲ್ಲ. ತೊಂದರೆ ಇದ್ದದ್ದು ಐದನೆಯ ವಾಕ್ಯದಲ್ಲಿ: “ಕೆಲಸದ ತುಂಡನ್ನು ಭದ್ರವಾಗಿ ಹಿಡಿದಿಡಬೇಕು.”

ಎರಡನೆಯ ವಾರ

ಕಾಗದವನ್ನು ಹುಡುಗನೊಬ್ಬನ ಕೈಗೆ ಕೊಟ್ಟು, ಏನನ್ನೂ ಹೇಳಿಕೊಡದೆ ಪಕ್ಕದಲ್ಲಿ ನಿಂತೆ. ಪಂಪ್ ಸ್ಟ್ಯಾಂಡಿಗೆ ಬೇಕಾದ, 50 ಮಿ.ಮೀ. ಅಗಲ ಮತ್ತು 6 ಮಿ.ಮೀ. ದಪ್ಪದ ಕಬ್ಬಿಣದ ಪಟ್ಟಿಯಲ್ಲಿ 12 ಮಿ.ಮೀ. ತೂತು ಕೊರೆಯುವುದು ಅವನ ಕೆಲಸ. ಅವನು ಪಟ್ಟಿಯನ್ನು ವೈಸ್‌ನಲ್ಲಿ ಬಿಗಿಯಾಗಿ ಕಚ್ಚಿಸಿದ, ಆದರೆ ವೈಸನ್ನು ಮಾತ್ರ ಟೇಬಲಿನ ಮೇಲೆ ಸುಮ್ಮನೆ ಇಟ್ಟ. ಕೇಳಿದಾಗ, “ಅಣ್ಣಾ, ಗಟ್ಟಿ ಉಂಟು, ನೋಡಿ” ಎಂದು ಪಟ್ಟಿಯನ್ನು ಅಲ್ಲಾಡಿಸಿ ತೋರಿಸಿದ. ನನ್ನ ವಾಕ್ಯದ ಪ್ರಕಾರ ಅವನು ತಪ್ಪೇನೂ ಮಾಡಿರಲಿಲ್ಲ.

ಆದ್ದರಿಂದ ಎರಡನೆಯ ಕರಡಿನಲ್ಲಿ “ಭದ್ರ” ಎಂಬ ಪದವನ್ನು ತೆಗೆದು, ಕಣ್ಣಿಗೆ ಕಾಣುವುದನ್ನು ಬರೆದೆ. ವೈಸನ್ನು ಟೇಬಲಿನ ಸೀಳಿನೊಳಗೆ ಎರಡು ಬೋಲ್ಟ್ ಹಾಕಿ ಬಿಗಿಯಬೇಕು. ಪಟ್ಟಿ ಉದ್ದವಾಗಿದ್ದು ವೈಸ್‌ಗೆ ಹೊಂದದಿದ್ದರೆ ಅದನ್ನು ನೇರವಾಗಿ ಟೇಬಲಿಗೆ ಕ್ಲಾಂಪ್ ಮಾಡಿ, ಉದ್ದದ ಭಾಗವನ್ನು ನಮ್ಮ ಎಡಕ್ಕೆ ಚಾಚಿ, ಅದರ ಹಿಂಬದಿಯ ಅಂಚು ಕಂಬದ ಎಡಮಗ್ಗುಲಿಗೆ ತಾಗುವಂತೆ ಇಡಬೇಕು. ಎಡಕ್ಕೇ ಏಕೆ ಎಂಬುದನ್ನೂ ಬರೆಯದಿದ್ದರೆ ಹುಡುಗರು ಒಂದು ದಿನ ಬಲಕ್ಕೆ ಇಟ್ಟೇ ಇಡುತ್ತಾರೆ. ಮೇಲಿನಿಂದ ನೋಡಿದರೆ ಬಿಟ್ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ಅದು ಪಟ್ಟಿಯನ್ನು ಎಳೆದುಕೊಂಡು ತಿರುಗಿದರೆ ಎಡತುದಿ ಹಿಂದಕ್ಕೆ ಸರಿದು ಕಂಬಕ್ಕೆ ತಡೆದು ನಿಲ್ಲುತ್ತದೆ. ಬಲಕ್ಕೆ ಚಾಚಿದ ತುದಿಯಾದರೋ ನಿಂತವನ ಹೊಟ್ಟೆಯ ಕಡೆಗೇ ಬೀಸಿ ಬರುತ್ತದೆ.

ವೇಗದ ವಿಷಯ ಬೇಗ ಮುಗಿಯಿತು. ಮೆದು ಉಕ್ಕಿಗೆ ಹೈಸ್ಪೀಡ್ ಸ್ಟೀಲ್ ಬಿಟ್ ಬಳಸುವಾಗ ಕೊರೆಯುವ ವೇಗ V ಅನ್ನು ನಿಮಿಷಕ್ಕೆ 25 ಮೀಟರ್ ಎಂದು, ಬಿಟ್‌ನ ವ್ಯಾಸ D ಅನ್ನು ಮಿ.ಮೀ.ನಲ್ಲಿ ಹಿಡಿದು, ಕೆಳಗಿನ ಸೂತ್ರದಿಂದ ನಿಮಿಷಕ್ಕೆ ಎಷ್ಟು ಸುತ್ತು ಎಂಬ N ಅನ್ನು ಲೆಕ್ಕ ಹಾಕಿದೆ.

```
N = 1000 × V ÷ (3.14 × D)
12 mm: 1000 × 25 ÷ (3.14 × 12) = 663
```

ನಮ್ಮ ಯಂತ್ರದಲ್ಲಿ ಬೆಲ್ಟ್ ಬದಲಿಸಿದರೆ ಸಿಗುವುದು 500, 850, 1400 ಹೀಗೆ ಮೆಟ್ಟಿಲು ಮೆಟ್ಟಿಲಾದ ವೇಗಗಳು. ಲೆಕ್ಕದ ಸಂಖ್ಯೆ ಎರಡು ಮೆಟ್ಟಿಲುಗಳ ನಡುವೆ ಬಿದ್ದರೆ ಕೆಳಗಿನದನ್ನು ಆರಿಸಬೇಕೆಂದು ಬರೆದೆ. 12ರ ಬಿಟ್‌ಗೆ ಅದು 500. ಹುಡುಗರಿಗೆ ಸೂತ್ರ ಬೇಡವೆನಿಸಿ, ಅಳತೆಗೆ ತಕ್ಕ ಪುಲ್ಲಿಯ ಮೆಟ್ಟಿಲನ್ನು ಬೆಲ್ಟ್ ಮುಚ್ಚಳದ ಒಳಬದಿಯಲ್ಲಿ ಬಣ್ಣದಿಂದ ಗುರುತು ಮಾಡಿದೆ. ಬೆಲ್ಟನ್ನು ಮುಟ್ಟುವ ಮೊದಲು ಗೋಡೆಯ ಮೇನ್ ಸ್ವಿಚ್ ತೆಗೆಯಬೇಕೆಂಬುದನ್ನು ಅದೇ ಮುಚ್ಚಳದ ಹೊರಬದಿಯಲ್ಲಿ ಬರೆದಿದ್ದೇನೆ, ಏಕೆಂದರೆ ಅದನ್ನು ಓದಬೇಕಾದ ಜಾಗ ಅದು.

ಮೂರನೆಯ ವಾರ

ಬೆಲ್ಟ್‌ಗಾರ್ಡಿನ 2 ಮಿ.ಮೀ. ತಗಡಿನಲ್ಲಿ ಅದೇ 12ರ ತೂತು ಬೇಕಾಯಿತು. ಎರಡನೆಯ ಕರಡನ್ನು ಅಕ್ಷರಶಃ ಪಾಲಿಸಿ ತಗಡಿನ ಒಂದು ಅಂಚನ್ನು ಕ್ಲಾಂಪ್ ಮಾಡಿ, 4 ಮಿ.ಮೀ. ಬಿಟ್‌ನಿಂದ ಮೊದಲ ತೂತು ತೆಗೆದು, 12ರ ಬಿಟ್ ಇಳಿಸಿದವನು ಈ ಬಾರಿ ನಾನೇ. ಬಿಟ್ ಕೆಳಗೆ ಹೊರಬರುವ ಹೊತ್ತಿಗೆ ತಗಡು ಬಿಟ್‌ನ ಸುರುಳಿಯನ್ನು ಹಿಡಿದು ಮೇಲಕ್ಕೆ ಏರಿ, ಕ್ಲಾಂಪಿನ ಬಳಿ ಮಡಚಿಕೊಂಡಿತು. ಕೈಗೆ ಏನೂ ಆಗಲಿಲ್ಲ. ತೂತು ಮಾತ್ರ ಮೂರು ಮೂಲೆಯದಾಗಿತ್ತು. ಹುಡುಗರು ನಗಲಿಲ್ಲ, ಅದೊಂದು ಔದಾರ್ಯ.

6 ಮಿ.ಮೀ. ಪಟ್ಟಿಯಲ್ಲಿ ಆಗದ್ದು ತಗಡಿನಲ್ಲಿ ಏಕೆ ಆಯಿತೆಂದು ರಾತ್ರಿ ಕುಳಿತು ಲೆಕ್ಕ ಹಾಕಿದೆ. ಸಾಮಾನ್ಯ ಬಿಟ್‌ನ ತುದಿಯ ಕೋನ 118 ಡಿಗ್ರಿ. ಅಂಥ ಬಿಟ್‌ನ ಮೊನೆಯ ಎತ್ತರ ಅದರ ವ್ಯಾಸದ ಸುಮಾರು ಹತ್ತರಲ್ಲಿ ಮೂರು ಪಾಲು, ಅಂದರೆ 12ರ ಬಿಟ್‌ಗೆ 3.6 ಮಿ.ಮೀ. ಅದರಲ್ಲಿ 1.2 ಮಿ.ಮೀ. ಮೊದಲೇ ತೆಗೆದ 4ರ ತೂತಿನೊಳಗೆ ಇಳಿದಿರುತ್ತದೆ. ಉಳಿದ 2.4 ಮಿ.ಮೀ. ಇಳಿದ ಮೇಲಷ್ಟೇ ಬಿಟ್‌ನ ಪೂರ್ಣ ವ್ಯಾಸ ಲೋಹದೊಳಗೆ ಕೂರುತ್ತದೆ, ಆಗ ತೂತಿನ ಗೋಡೆಯೇ ಬಿಟ್ ಅತ್ತಿತ್ತ ಹೋಗದಂತೆ ಹಿಡಿಯುತ್ತದೆ. ದಪ್ಪ ಪಟ್ಟಿಯಲ್ಲಿ ಹೀಗೆ ಕೂತ ಮೇಲೂ ಕೆಳಗೆ ಲೋಹ ಉಳಿದಿರುತ್ತದೆ. 2 ಮಿ.ಮೀ. ತಗಡಿನಲ್ಲಿ ಮಾತ್ರ ಬಿಟ್ ಸರಿಯಾಗಿ ಕೂರುವ ಮೊದಲೇ ಕೆಳಗೆ ಹೊರಬಿದ್ದಿರುತ್ತದೆ. ಹಿಡಿತವಿಲ್ಲದ ಬಿಟ್ ಅಲೆದಾಡಿ ಮೂಲೆ ಮೂಲೆಯಾದ ತೂತು ತೆಗೆಯುತ್ತದೆ, ಅದರ ಅಂಚು ತಗಡನ್ನು ಸ್ಕ್ರೂನಂತೆ ಮೇಲಕ್ಕೆಳೆಯುತ್ತದೆ.

ಈ ಲೆಕ್ಕದಿಂದ ಪಟ್ಟಿಯ ಕೆಲಸಕ್ಕೂ ಒಂದು ಉಪಯೋಗವಾಯಿತು. 12ರ ಬಿಟ್ ಮೊದಲ ತೂತಿನ ಅಂಚಿಗೆ ತಾಗಿದಾಗ ಫೀಡ್ ಹ್ಯಾಂಡಲಿನ ಅಳತೆಪಟ್ಟಿಯನ್ನು ಸೊನ್ನೆ ಎಂದು ಗುರುತಿಸಿದರೆ, 6ರಲ್ಲಿ ಬಿಟ್‌ನ ಅಂಚು ಕೆಳಗೆ ಹೊರಬರಲು ತೊಡಗಿ, 8.4ರಲ್ಲಿ ಪೂರ್ತಿ ದಾಟುತ್ತದೆ. ಅಪಾಯವಿರುವುದು ಈ ಎರಡರ ನಡುವೆ. ಅಲ್ಲಿ ತಡೆ ಕಡಿಮೆಯಾಗಿ ಹ್ಯಾಂಡಲ್ ಒಮ್ಮೆಲೇ ಹಗುರಾಗುತ್ತದೆ. ಅದುವರೆಗೆ ಒತ್ತುತ್ತಿದ್ದ ಕೈ ಅಷ್ಟೇ ಬಲದಲ್ಲಿ ಮುಂದುವರಿದರೆ ಬಿಟ್ ಉಳಿದ ತೆಳು ಲೋಹವನ್ನು ಕೊರೆಯುವ ಬದಲು ಕಚ್ಚುತ್ತದೆ. ಆದ್ದರಿಂದ ಹಗುರಾಗುವುದನ್ನು ಕಾಯದೆ, ಅಳತೆಪಟ್ಟಿ 5 ತೋರಿಸಿದಾಗಲೇ ಒತ್ತಡ ಇಳಿಸಬೇಕೆಂದು ಬರೆದೆ. “ನಿಧಾನವಾಗಿ” ಎಂದು ಬರೆದಾಗ ಒಬ್ಬೊಬ್ಬರದು ಒಂದೊಂದು ನಿಧಾನವಾಗಿತ್ತು.

ಮೂರನೆಯ ಕರಡು

ತಗಡಿಗೆ ಈಗ ಪ್ರತ್ಯೇಕ ಪುಟವಿದೆ. ಅಡಿಯಲ್ಲಿ ಸಮತಟ್ಟಾದ ದಪ್ಪ ಮರದ ಹಲಗೆ, ನಡುವೆ ತಗಡು, ಮೇಲೆ ಇನ್ನೊಂದು ಮರದ ತುಂಡು. ಮೂರನ್ನೂ ಒಟ್ಟಿಗೆ, ತೂತಿನ ಎರಡೂ ಪಕ್ಕದಲ್ಲಿ ಒಂದೊಂದು ಕ್ಲಾಂಪ್ ಹಾಕಿ ಟೇಬಲಿಗೆ ಬಿಗಿಯಬೇಕು. ಬಿಟ್ ತಗಡನ್ನು ಮುಟ್ಟುವ ಮೊದಲೇ ಮೇಲಿನ ಮರ ಅದನ್ನು ಹಿಡಿದಿರುತ್ತದೆ, ಕೆಳಗೆ ದಾಟಿದ ಮೇಲೂ ಅಡಿಯ ಮರದ ಆಸರೆ ಇರುತ್ತದೆ. ಹಳೆಯ ಅಡಿಕೆಮರದ ಸೀಳುಗಳನ್ನು ಬಳಸಿ ನೋಡಿದೆವು, ನಾರು ಬಿಟ್‌ಗೆ ಸುತ್ತಿಕೊಂಡಿತು. ಹಲಸಿನ ಹಲಗೆ ಚೆನ್ನಾಗಿ ನಡೆಯಿತು.

ಬಿಟ್ ಕಚ್ಚಿಕೊಂಡರೆ ಏನು ಮಾಡಬೇಕೆಂಬುದನ್ನು ಎಲ್ಲಕ್ಕಿಂತ ಮೇಲೆ, ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ. ತಿರುಗುತ್ತಿರುವ ತುಂಡನ್ನು ಕೈಯಿಂದ ಹಿಡಿಯಬಾರದು, ಹ್ಯಾಂಡಲನ್ನು ಮೇಲೆತ್ತಲೂ ಹೋಗಬಾರದು. ಕೆಂಪು ಗುಂಡಿಯನ್ನು ಒತ್ತಿ ಹಿಂದೆ ಸರಿಯಬೇಕು. ಯಂತ್ರ ನಿಂತು, ಮೇನ್ ಸ್ವಿಚ್ ತೆಗೆದ ಮೇಲೆ ಚಕ್ಕನ್ನು ಕೈಯಿಂದ ಹಿಮ್ಮುಖವಾಗಿ ತಿರುಗಿಸಿದರೆ ಬಿಟ್ ಬಿಡಿಸಿಕೊಳ್ಳುತ್ತದೆ.

ಇಬ್ಬರಲ್ಲೊಬ್ಬ ಮಲಯಾಳ ಮಾಧ್ಯಮದಲ್ಲಿ ಓದಿದವನು. ಅವನಿಗಾಗಿ ಅದೇ ಪುಟವನ್ನು ಮಲಯಾಳದಲ್ಲಿ ಬರೆಯುವ ಕೆಲಸವನ್ನು ಅವನೇ ವಹಿಸಿಕೊಂಡಿದ್ದಾನೆ. ಶನಿವಾರ ಇಬ್ಬರೂ ಕಾಗದ ನೋಡಿಕೊಂಡು ತಲಾ ನಾಲ್ಕು ತಗಡು ಕೊರೆದರು. ಎಂಟು ತೂತುಗಳಲ್ಲಿ ಏಳು ದುಂಡಗಿವೆ. ಎಂಟನೆಯದರಲ್ಲಿ ಮೇಲಿನ ಮರದ ತುಂಡು ಹಾಕಿರಲಿಲ್ಲ, ಆ ತಗಡನ್ನು ಮೊಳೆ ಹೊಡೆದು ಗೋಡೆಯ ಕಾಗದದ ಪಕ್ಕದಲ್ಲೇ ನೇತುಹಾಕಿದ್ದೇವೆ.